ಶುಕ್ರವಾರಕ್ಕೆ 56 ತಾಸು

ಮುಂಬೈಯಲ್ಲಿ ಸಣ್ಣ ಕಾರ್ಖಾನೆಯ ಶೆಡ್ಡಿಗೆ ‘ಗಾಲಾ’ ಎನ್ನುತ್ತಾರೆ. ದಹಿಸರ್ ಪೂರ್ವದ ಅಂಥದೊಂದು ಗಾಲಾದ ಯಜಮಾನರು ಬೆಳಗಾವಿ ಕಡೆಯವರು. ಪ್ರೆಸ್ ಟೂಲ್ ಮತ್ತು ಡೈ ಮಾಡಿಕೊಡುತ್ತಾರೆ. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಅವರ ಆರ್ಡರುಗಳ ಪ್ಲಾನಿಂಗಿಗೆ ಸಾಫ್ಟ್‌ವೇರ್ ಹಾಕಿಕೊಟ್ಟವನು ನಾನೇ. ಒಂದು ಸೋಮವಾರ ಫೋನ್ ಮಾಡಿ ಕರೆಸಿಕೊಂಡರು. ಪ್ರಿಂಟ್ ತೆಗೆದ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು: “ತಮ್ಮಾ, ನಿಮ್ಮ ಕಂಪ್ಯೂಟರಿನ್ಯಾಗ ಶುಕ್ರವಾರಕ್ಕ ಐವತ್ತಾರು ತಾಸು ಇರ್ತಾವೇನು?”

ಅವರ ಪ್ರಶ್ನೆ ಸರಿಯಾಗಿತ್ತು. ಉತ್ತರ ಹೇಳುವ ಮೊದಲು ಆ ಗಾಲಾದ ಕೆಲಸ ಹೇಗೆ ಸಾಗುತ್ತದೆ ಎಂದು ಹೇಳಬೇಕು. ಉಕ್ಕಿನ ಬ್ಲಾಕ್ ಮೊದಲು ಮಿಲ್ಲಿಂಗಿಗೆ ಹೋಗುತ್ತದೆ. ಅಲ್ಲಿಂದ ಹೊರಗಡೆ ಹೀಟ್ ಟ್ರೀಟ್‌ಮೆಂಟಿಗೆ. ಗಟ್ಟಿಯಾಗಿ ಬಂದ ಬ್ಲಾಕನ್ನು ವೈರ್‌ಕಟ್ ಮಷೀನಿನಲ್ಲಿ ಕೊಯ್ಯುತ್ತಾರೆ. ಕೊನೆಗೆ ಗ್ರೈಂಡಿಂಗ್, ಫಿಟ್ಟಿಂಗ್, ಟ್ರಯಲ್. ವೈರ್‌ಕಟ್ ಎಂದರೆ ತೆಳು ಹಿತ್ತಾಳೆ ತಂತಿಯ ಕಿಡಿಯಿಂದ ಉಕ್ಕನ್ನು ನಿಧಾನವಾಗಿ ಕೊಯ್ಯುವ ಯಂತ್ರ. ಮಿಲ್ಲಿಂಗಿಗೆ, ಗ್ರೈಂಡಿಂಗಿಗೆ ಕಾಕಾರ ಬಳಿ ಬಿಡುವಿದೆ. ವೈರ್‌ಕಟ್ ಇರುವುದು ಒಂದೇ. ಎರಡು ಪಾಳಿಯಲ್ಲಿ ದಿನಕ್ಕೆ 14 ತಾಸು ನಿಜವಾದ ಕೊಯ್ತ ಸಿಗುತ್ತದೆ. ಇಡೀ ಗಾಲಾದ ಇಕ್ಕಟ್ಟಿನ ಜಾಗ ಅದೇ.

ಆ ವಾರ ನಾಲ್ಕು ಡೈ ಶನಿವಾರ ಸಂಜೆಯೊಳಗೆ ಹೋಗಬೇಕಿತ್ತು. ನಾಲ್ಕರ ಬ್ಲಾಕುಗಳೂ ಹೀಟ್ ಟ್ರೀಟ್‌ಮೆಂಟ್ ಮುಗಿದು ಸೋಮವಾರವೇ ಮೇಜಿನ ಮೇಲಿದ್ದವು. ವೈರ್‌ಕಟ್ ಕೆಲಸ ಮೊದಲನೆಯದಕ್ಕೆ 14 ತಾಸು, ಎರಡನೆಯದಕ್ಕೆ 28, ಮೂರನೆಯದಕ್ಕೆ 21, ನಾಲ್ಕನೆಯದಕ್ಕೆ 14. ಒಟ್ಟು 77. ಆರು ದಿನಕ್ಕೆ ಮಷೀನ್ ಕೊಡುವುದು 84. ವಾರದ ಲೆಕ್ಕದಲ್ಲಿ ಎಲ್ಲ ಸರಿಯಿದೆ ಎಂದೇ ನನ್ನ ಸಾಫ್ಟ್‌ವೇರ್ ಹಸಿರು ಬಣ್ಣ ತೋರಿಸಿತ್ತು.

ಆದರೆ ಅದು ದಿನದ ಲೆಕ್ಕ ಮಾಡುವ ರೀತಿಯೇ ಬೇರೆ. ಪ್ರತಿ ಆರ್ಡರನ್ನೂ ಕೊಡುವ ತಾರೀಖಿನಿಂದ ಹಿಂದಕ್ಕೆ ಎಣಿಸುತ್ತದೆ. ಶನಿವಾರ ಫಿಟ್ಟಿಂಗ್ ಮತ್ತು ಟ್ರಯಲ್, ಹಾಗಾದರೆ ಶುಕ್ರವಾರ ಸಂಜೆಗೆ ವೈರ್‌ಕಟ್ ಮುಗಿಯಬೇಕು. ಹೀಗೆ ಒಂದೊಂದು ಆರ್ಡರನ್ನೂ, ಆ ಮಷೀನಿನ ಮೇಲೆ ಬೇರೆ ಯಾರೂ ಇಲ್ಲ ಎಂಬಂತೆ ಕೂರಿಸುತ್ತ ಹೋಯಿತು. ಶುಕ್ರವಾರಕ್ಕೆ ನಾಲ್ಕು ಆರ್ಡರುಗಳಿಂದಲೂ 14 ತಾಸು ಬಂದು ಬಿತ್ತು: 56. ಗುರುವಾರಕ್ಕೆ ಉಳಿದ 21. ಸೋಮವಾರ, ಮಂಗಳವಾರ, ಬುಧವಾರ ಖಾಲಿ. ಇದಕ್ಕೆ ಇನ್‌ಫೈನೈಟ್ ಲೋಡಿಂಗ್ ಎನ್ನುತ್ತಾರೆ; ಮಷೀನಿಗೆ ಮಿತಿಯೇ ಇಲ್ಲ ಎಂದುಕೊಂಡು ಕೆಲಸ ಹೇರುವುದು. 1975ರಲ್ಲಿ ಜೋಸೆಫ್ ಓರ್ಲಿಕಿ ಪುಸ್ತಕವಾಗಿ ಬರೆದ ಎಂಆರ್‌ಪಿ ಪದ್ಧತಿ ಹೀಗೇ ಎಣಿಸುತ್ತದೆ. ಇಂದಿಗೂ ಅನೇಕ ಇಆರ್‌ಪಿಗಳ ಒಳಗಿರುವುದು ಅದೇ ಲೆಕ್ಕ.

ಹಿಂದಿನ ತಿಂಗಳು ಇಂಥದೇ ಒಂದು ಹಾಳೆಯನ್ನು ಕಾಕಾ ನಂಬಿದ್ದರು. ವಾರದ ಮೊದಲ ಮೂರು ದಿನ ಖಾಲಿ ಎಂದು ಕಂಡದ್ದರಿಂದ ಸೂಪರ್‌ವೈಸರ್ ಮುಂದಿನ ವಾರದ ಚಿಲ್ಲರೆ ಕೆಲಸ ಏರಿಸಿದ. ಗುರುವಾರ ಬೆಳಿಗ್ಗೆ ಎಲ್ಲವೂ ‘ಅರ್ಜೆಂಟ್’ ಆಗಿ ಒಂದೇ ಮಷೀನಿನ ಮುಂದೆ ನಿಂತವು. ಯಾವ ಗಿರಾಕಿ ಜೋರಾಗಿ ಫೋನ್ ಮಾಡಿದನೋ ಅವನ ಬ್ಲಾಕ್ ಮೇಲೇರಿತು, ಅರ್ಧ ಕೊಯ್ದದ್ದು ಕೆಳಗಿಳಿಯಿತು. ಹಾಗೆ ಇಳಿಸಿ ಏರಿಸುವಾಗಲೆಲ್ಲ ಡಯಲ್ ಹಿಡಿದು ಮತ್ತೆ ಸಾಲು ನೋಡಬೇಕು. ಅಷ್ಟು ಹೊತ್ತು ತಂತಿ ಸುಮ್ಮನೆ ನಿಲ್ಲುತ್ತದೆ. ಆಪರೇಟರ್ ಹುಡುಗ ಮೂರು ರಾತ್ರಿ ಮನೆಗೆ ಹೋಗಲಿಲ್ಲ. ಹಳೆಯ ಗಿರಾಕಿಯೊಬ್ಬ ಮುಂದಿನ ಆರ್ಡರನ್ನು ಬೇರೆಯವರಿಗೆ ಕೊಟ್ಟ. ಆ ತಪ್ಪಿನಲ್ಲಿ ನನ್ನ ಪಾಲಿದೆ. ತಾರೀಖು ಛಾಪಿಸಿ ಕೊಟ್ಟದ್ದು ನಾನು ಹಾಕಿದ ಸಾಫ್ಟ್‌ವೇರು.

ಈ ಸಲ ಇಬ್ಬರೂ ಕೂತು ಒಂದು ಬಿಳಿ ಹಾಳೆಯಲ್ಲಿ ವೈರ್‌ಕಟ್ ಒಂದಕ್ಕೇ ಗೆರೆ ಎಳೆದೆವು. ದಿನಕ್ಕೆ 14 ತಾಸಿನ ಮನೆ, ಒಂದು ಮನೆ ತುಂಬಿದ ಮೇಲೆ ಮುಂದಿನದು. ಸೋಮವಾರ ಮೊದಲ ಡೈ. ಮಂಗಳವಾರ, ಬುಧವಾರ ಎರಡನೆಯದು. ಗುರುವಾರ ಮತ್ತು ಶುಕ್ರವಾರದ ಅರ್ಧ ಮೂರನೆಯದು. ನಾಲ್ಕನೆಯದು ಶುಕ್ರವಾರ ಮಧ್ಯಾಹ್ನ ಏರಿ ಶನಿವಾರ ಮಧ್ಯಾಹ್ನ ಇಳಿಯುತ್ತದೆ. ಅಂದರೆ ಗಿರಾಕಿಯ ಕೈಸೇರುವುದು ಸೋಮವಾರ. ಇದು ಫೈನೈಟ್ ಶೆಡ್ಯೂಲಿಂಗ್. ಶುಕ್ರವಾರ ಸಂಜೆಯೊಳಗೆ ಇರುವುದು 70 ತಾಸು, ಬೇಕಾದದ್ದು 77. ವಾರದ ಲೆಕ್ಕದಲ್ಲಿ ಅಡಗಿದ್ದ 7 ತಾಸಿನ ಕೊರತೆ ಈಗ ಎದುರಿಗೆ ಬಂತು.

ಕೊರತೆ ಸೋಮವಾರವೇ ಗೊತ್ತಾದರೆ ಅದಕ್ಕೆ ದಾರಿಗಳಿವೆ. ನಾಲ್ಕನೆಯ ಗಿರಾಕಿಗೆ ಈಗಲೇ ಹೇಳಬಹುದು, ಒಂದು ಪ್ಲೇಟನ್ನು ಹೊರಗೆ ಜಾಬ್‌ವರ್ಕಿಗೆ ಕಳಿಸಬಹುದು, ಅಥವಾ ಒಂದೇ ಒಂದು ರಾತ್ರಿ ವೈರ್‌ಕಟ್ ನಡೆಸಬಹುದು. ಕಾಕಾ ಬುಧವಾರ ರಾತ್ರಿಯನ್ನು ಆರಿಸಿಕೊಂಡರು. ಓವರ್‌ಟೈಮ್ ಒಬ್ಬನಿಗೆ, 7 ತಾಸು. ಮಿಲ್ಲಿಂಗಿನವರನ್ನು ರಾತ್ರಿ ಕೂರಿಸಿದ್ದರೆ ದುಡ್ಡು ಹೋಗುತ್ತಿತ್ತು, ಡೈ ಒಂದೂ ಬೇಗ ಹೊರಡುತ್ತಿರಲಿಲ್ಲ. 1984ರಲ್ಲಿ ಬಂದ ‘ದಿ ಗೋಲ್’ ಕಾದಂಬರಿಯಲ್ಲಿ ಎಲಿಯಾಹು ಗೋಲ್ಡ್‌ರಾಟ್ ಹೇಳಿದ್ದು ಇದನ್ನೇ: ಇಕ್ಕಟ್ಟಿನ ಮಷೀನಿನಲ್ಲಿ ಕಳೆದ ತಾಸು ಇಡೀ ಕಾರ್ಖಾನೆ ಕಳೆದುಕೊಂಡ ತಾಸು.

ಹಾಗಾದರೆ ಎಲ್ಲ ಮಷೀನಿಗೂ ಹೀಗೇ ಗೆರೆ ಎಳೆಯಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ. ಫಿಶರ್ ಮತ್ತು ಥಾಂಪ್ಸನ್ 1963ರಲ್ಲಿ ಹತ್ತು ಕೆಲಸ, ಹತ್ತು ಮಷೀನಿನ ಒಂದು ಲೆಕ್ಕ ಪ್ರಕಟಿಸಿದರು. ಅದರ ಅತ್ಯುತ್ತಮ ಉತ್ತರ 930 ಎಂದು ಕಾರ್ಲಿಯೇ ಮತ್ತು ಪಿನ್ಸೋ ಖಚಿತಪಡಿಸಿದ್ದು 1989ರಲ್ಲಿ. ಹತ್ತು ಮಷೀನಿಗೇ ಈ ಪಾಡು. ಎಂ.ಟೆಕ್‌ನಲ್ಲಿ ಇದನ್ನು ಓದಿಯೂ, ಪ್ರತಿ ಮಷೀನಿಗೆ ಪ್ರತಿ ನಿಮಿಷದ ವೇಳಾಪಟ್ಟಿ ಮಾಡಿಕೊಡುತ್ತೇವೆ ಎಂದು ನಾವು ಮಾರುತ್ತೇವೆ. ತಂತಿ ಒಮ್ಮೆ ತುಂಡಾದರೆ ಆ ವೇಳಾಪಟ್ಟಿ ಹಳತಾಗುತ್ತದೆ. ಇಕ್ಕಟ್ಟಿನ ಒಂದೆರಡು ಮಷೀನಿಗೆ ಮಾತ್ರ ಮಿತಿ ಇಟ್ಟು ಗೆರೆ ಎಳೆದು, ಉಳಿದವು ಅದರ ಹಿಂದೆ ಮುಂದೆ ಸಾಗಿದರೆ ಸಾಕು.

ಇನ್‌ಫೈನೈಟ್ ಲೋಡಿಂಗನ್ನು ಕಸದ ಬುಟ್ಟಿಗೆ ಹಾಕಬೇಕೆಂದೂ ಅಲ್ಲ. ಫೈನೈಟ್ ಶೆಡ್ಯೂಲು ಒಂದು ಕೆಟ್ಟ ಕೆಲಸ ಮಾಡುತ್ತದೆ: ಹೆಚ್ಚಾದ ಕೆಲಸವನ್ನೆಲ್ಲ ಸದ್ದಿಲ್ಲದೆ ಮುಂದಿನ ವಾರಕ್ಕೆ ತಳ್ಳುತ್ತದೆ. ಯಾವ ದಿನವೂ 14 ದಾಟುವುದಿಲ್ಲ, ಹಾಳೆ ನೋಡಲು ಚೆಂದ, ತಾರೀಖುಗಳು ಮಾತ್ರ ತಿಂಗಳಿಂದ ತಿಂಗಳಿಗೆ ಜಾರುತ್ತವೆ. ವಾರಕ್ಕೆ 84 ಇರುವಲ್ಲಿ ಸತತವಾಗಿ 110 ತಾಸು ಬರುತ್ತಿದ್ದರೆ ಅದನ್ನು ಹೇಳುವುದು ಇನ್‌ಫೈನೈಟ್ ಹಾಳೆಯೇ. ಎರಡನೇ ವೈರ್‌ಕಟ್ ಕೊಳ್ಳಬೇಕೇ ಎಂದು ಯೋಚಿಸಲು ಅದು ಬೇಕು. ಗಿರಾಕಿಗೆ ತಾರೀಖು ಕೊಡಲು ಅದು ಸಲ್ಲದು.

ಇನ್ನೊಂದು ಮಾತು. ಈ ಗೆರೆಯ ಬೆಲೆ ಅದರೊಳಗಿನ ತಾಸುಗಳಷ್ಟೇ. 21 ಎಂದು ಬರೆದದ್ದು ನಿಜದಲ್ಲಿ 30 ತೆಗೆದುಕೊಂಡರೆ ಫೈನೈಟ್ ಶೆಡ್ಯೂಲೂ ಸುಳ್ಳೇ. ಈಗ ಆಪರೇಟರ್ ಹುಡುಗ ಪ್ರತಿ ಬ್ಲಾಕ್ ಏರಿಸಿದ, ಇಳಿಸಿದ ಹೊತ್ತನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ.

ಪುಣೆ, ವಾಪಿ, ಹೊಸೂರಿನ ಕಾರ್ಖಾನೆಗಳಲ್ಲಿ ಪ್ಲಾನಿಂಗ್ ನೋಡುವ ಕನ್ನಡಿಗರು ಈ ಅಂಕಣ ಓದುತ್ತೀರಿ. ನನ್ನಂಥವರು ಸಾಫ್ಟ್‌ವೇರ್ ಮಾರಲು ಬಂದಾಗ ಒಂದೇ ಪರೀಕ್ಷೆ ಮಾಡಿ. ಒಂದೇ ಮಷೀನಿನ ಮೇಲೆ, ಒಂದೇ ತಾರೀಖಿಗೆ ನಾಲ್ಕು ಆರ್ಡರ್ ಹಾಕಿಸಿ, ನಾಲ್ಕಕ್ಕೂ ಎಂದು ಕೊಡುತ್ತೀರಿ ಎಂದು ಕೇಳಿ. ನಾಲ್ಕಕ್ಕೂ ಅದೇ ತಾರೀಖು ಬಂದರೆ, ಆ ದಿನಕ್ಕೆ ಎಷ್ಟು ತಾಸು ಎಂದು ಕಾಕಾರಂತೆ ಬೆರಳಿಟ್ಟು ಕೇಳಿ.