ಮಲಗಿಸಿದ ಮಷೀನಿನ ಡಿಸ್ಕ್ ಮುಟ್ಟಬೇಡಿ

ವರ್ಚುವಲ್‌ಬಾಕ್ಸ್ ಕಿಟಕಿಯ ಮೂಲೆಯಲ್ಲಿರುವ ಗುಣಿಸು ಗುರುತನ್ನು ಒತ್ತಿದರೆ ಮೂರು ಆಯ್ಕೆಗಳು ಎದುರಾಗುತ್ತವೆ: `Save the machine state`, `Send the shutdown signal`, `Power off the machine`. ಕಳೆದ ಸಲ ಆರಿಸಿದ್ದೇ ಈ ಸಲವೂ ಗುರುತಾಗಿ ನಿಂತಿರುತ್ತದೆ. ಹಾಗಾಗಿ ಒಮ್ಮೆ ಮೊದಲನೆಯದನ್ನು ಆರಿಸಿದವರು ವರ್ಷಗಟ್ಟಲೆ ಅದನ್ನೇ ಒತ್ತುತ್ತ ಹೋಗುತ್ತಾರೆ. ಕಿಟಕಿ ಮುಚ್ಚುತ್ತದೆ, ಲ್ಯಾಪ್‌ಟಾಪ್‌ನ ಫ್ಯಾನ್ ಸದ್ದು ಇಳಿಯುತ್ತದೆ, ಮಷೀನ್ ಆಫ್ ಆಯಿತು ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆದರೆ ಅದು ಆಫ್ ಆಗಿಲ್ಲ. ವಾಕ್ಯದ ನಡುವೆ ಉಸಿರು ಹಿಡಿದು ನಿಂತಿದೆ, ಅಷ್ಟೇ.

ಸ್ಟೇಟ್ ಸೇವ್ ಮಾಡಿದಾಗ ಆಗುವುದು ಇಷ್ಟು. ಗೆಸ್ಟ್‌ನ ಪ್ರೊಸೆಸರ್ ನಿಲ್ಲುತ್ತದೆ. ಅದರ ರಿಜಿಸ್ಟರ್‌ಗಳು, ವರ್ಚುವಲ್ ಉಪಕರಣಗಳ ಸ್ಥಿತಿ ಮತ್ತು RAM ನಲ್ಲಿರುವುದೆಲ್ಲ ಒಂದು ಫೈಲಿಗೆ ಇಳಿಯುತ್ತವೆ. ಮಷೀನಿನ ಫೋಲ್ಡರಿನೊಳಗೆ `Snapshots` ಎಂಬ ಇನ್ನೊಂದು ಫೋಲ್ಡರ್ ಇರುತ್ತದೆ. ಅಲ್ಲಿ ದಿನಾಂಕ, ಸಮಯವನ್ನೇ ಹೆಸರಾಗಿಸಿಕೊಂಡು `.sav` ಎಂದು ಕೊನೆಯಾಗುವ ಫೈಲೇ ಅದು. ಗೆಸ್ಟ್‌ಗೆ 4 ಜಿಬಿ ಮೆಮೊರಿ ಕೊಟ್ಟಿದ್ದರೆ ಈ ಫೈಲ್ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದಿರುತ್ತದೆ, ಏಕೆಂದರೆ ಖಾಲಿ ಪುಟಗಳನ್ನು ಬರೆಯಬೇಕಿಲ್ಲ, ಉಳಿದವನ್ನು ಒತ್ತಿ ಚಿಕ್ಕದು ಮಾಡಲಾಗುತ್ತದೆ. ಹೋಸ್ಟ್‌ನ ಮೆಮೊರಿ ಪೂರ್ತಿ ಬಿಡುಗಡೆಯಾಗುತ್ತದೆ. ಮತ್ತೆ Start ಒತ್ತಿದಾಗ ಆ ಫೈಲ್ ಮೆಮೊರಿಗೆ ಮರಳುತ್ತದೆ, `.sav` ಅಳಿಸಿಹೋಗುತ್ತದೆ, ಕರ್ಸರ್ ನಿಂತಲ್ಲಿಂದಲೇ ಮಿನುಗಲು ಶುರು.

ಇಷ್ಟೆಲ್ಲ ನಡೆಯುವಾಗ ಗೆಸ್ಟ್‌ಗೆ ಇದ್ಯಾವುದೂ ತಿಳಿಯುವುದಿಲ್ಲ. ನಿನ್ನನ್ನು ಮಲಗಿಸುತ್ತಿದ್ದೇವೆ ಎಂದು ಯಾರೂ ಅದಕ್ಕೆ ಹೇಳುವುದಿಲ್ಲ. ಹೀಗಾಗಿ ಅದು ತನ್ನ ಫೈಲ್ ಸಿಸ್ಟಮ್ ಅನ್ನು ಮುಚ್ಚಿಡುವುದೂ ಇಲ್ಲ. ಲಿನಕ್ಸ್ ಬರೆಯಬೇಕಾದ್ದನ್ನೆಲ್ಲ ಕೂಡಲೇ ಡಿಸ್ಕಿಗೆ ಬರೆಯುವ ಜಾಯಮಾನದ್ದಲ್ಲ. ಬದಲಾದ ಪುಟಗಳನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಅದರ ಸಾಮಾನ್ಯ ಹೊಂದಿಕೆಯಲ್ಲಿ ಸುಮಾರು 30 ಸೆಕೆಂಡು ಹಳೆಯದಾದ ಪುಟಗಳು ಬರೆಯುವ ಸರದಿಗೆ ಬರುತ್ತವೆ. ಆ ಕೊನೆಯ ಅರ್ಧ ನಿಮಿಷದ ಬರಹ ಸೇವ್ ಮಾಡಿದ ಕ್ಷಣದಲ್ಲಿ `.vdi` ಎಂಬ ಡಿಸ್ಕ್ ಫೈಲಿನಲ್ಲಿ ಇಲ್ಲದೆ ಇರಬಹುದು. ಇರುವುದು `.sav` ನಲ್ಲಿ. ಯಾವ ಬ್ಲಾಕ್ ಖಾಲಿ, ಯಾವ ಫೋಲ್ಡರಿನಲ್ಲಿ ಯಾವ ಫೈಲಿದೆ ಎಂದು ಕರ್ನಲ್ ನೆನಪಿಟ್ಟುಕೊಂಡ ಲೆಕ್ಕವೂ ಅಲ್ಲೇ. `.vdi` ಒಂದನ್ನೇ ತೆಗೆದು ನೋಡಿದರೆ, ಓಡುತ್ತಿದ್ದ ಕಂಪ್ಯೂಟರಿನ ಕರೆಂಟ್ ತೆಗೆದಾಗ ಸಿಗುವ ಡಿಸ್ಕಿನಂತೆಯೇ ಅದು ಇರುತ್ತದೆ.

ಶಟ್‌ಡೌನ್ ಇದಕ್ಕೆ ತದ್ವಿರುದ್ಧ. ವರ್ಚುವಲ್ ಪವರ್ ಬಟನ್ ಒತ್ತಿದ ಸೂಚನೆ ಗೆಸ್ಟ್‌ಗೆ ತಲುಪುತ್ತದೆ. ಅದು ಪ್ರತಿ ಪ್ರೋಗ್ರಾಮಿಗೂ ಮುಗಿಸಿಕೊ ಎಂದು ಹೇಳಿ, ಸ್ವಲ್ಪ ಕಾದು, ಕೇಳದವನ್ನು ನಿಲ್ಲಿಸಿ, ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆದು, ಫೈಲ್ ಸಿಸ್ಟಮ್ ಶುದ್ಧವಾಗಿದೆ ಎಂದು ಗುರುತು ಹಾಕಿ ನಿಲ್ಲುತ್ತದೆ. ಆಮೇಲೆ ಮೆಮೊರಿಯಲ್ಲಿ ಉಳಿಸಬೇಕಾದ್ದು ಏನೂ ಇರುವುದಿಲ್ಲ. `.vdi` ಒಂದೇ ಪೂರ್ಣ ಸತ್ಯ. ಮೂರನೆಯ ಆಯ್ಕೆ, ಪವರ್ ಆಫ್, ನಿಜವಾಗಿ ಪ್ಲಗ್ ಕೀಳುವುದೇ. ಮೆಮೊರಿಯಲ್ಲಿದ್ದದ್ದು ಎಲ್ಲೂ ಉಳಿಯುವುದಿಲ್ಲ.

ವ್ಯತ್ಯಾಸ ಇಷ್ಟೇ ಆಗಿದ್ದರೆ ಇದರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ನಷ್ಟ ಆಗುವುದು ಡಿಸ್ಕ್ ಫೈಲ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೊರಟಾಗ. ಅದೂ ಎರಡು ಕಂತಿನಲ್ಲಿ ಆಗುತ್ತದೆ, ಎರಡನೆಯದು ಮೊದಲನೆಯದಕ್ಕಿಂತ ಬಹಳ ಕೆಟ್ಟದ್ದು.

ಪುಣೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. ಕಚೇರಿಯ ಡೆಸ್ಕ್‌ಟಾಪಿನಲ್ಲಿ `kelasa` ಎಂಬ ಉಬುಂಟು ಗೆಸ್ಟ್. ಶುಕ್ರವಾರ ಸಂಜೆ ಆರಕ್ಕೆ ಸ್ಟೇಟ್ ಸೇವ್ ಮಾಡಿ, `kelasa.vdi` ಅನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿಕೊಂಡು ಮನೆಗೆ ಬಂದರು. `Snapshots` ಫೋಲ್ಡರ್ ಕಚೇರಿಯಲ್ಲೇ ಉಳಿಯಿತು. ಮನೆಯ ಲ್ಯಾಪ್‌ಟಾಪಿನಲ್ಲಿ ಆ ಡಿಸ್ಕಿಗೆ ಹೊಸ ಮಷೀನ್ ಮಾಡಿ ಶುರು ಮಾಡಿದರೆ ಉಬುಂಟು ಮೊದಲಿನಿಂದ ಬೂಟ್ ಆಗುತ್ತದೆ. ಬೂಟ್ ಸಂದೇಶಗಳಲ್ಲಿ `recovering journal` ಎಂದು ಕಂಡರೆ ಅದೇ ಸುಳಿವು: ಈ ಡಿಸ್ಕನ್ನು ಯಾರೂ ಸರಿಯಾಗಿ ಮುಚ್ಚಿರಲಿಲ್ಲ. ಸೇವ್ ಮಾಡಿ ಹೊತ್ತಾಗಿದ್ದ ಫೈಲುಗಳೆಲ್ಲ ಇವೆ. ತೆರೆದಿಟ್ಟು ಸೇವ್ ಮಾಡದೆ ಬಿಟ್ಟಿದ್ದ ಲೆಕ್ಕದ ಹಾಳೆಯ ಎರಡು ಗಂಟೆಯ ಕೆಲಸ ಮಾತ್ರ ಇಲ್ಲ. ಲಿಬ್ರೆಆಫೀಸ್ ತಾನಾಗಿ ಇಟ್ಟುಕೊಂಡ ಚೇತರಿಕೆ ಪ್ರತಿ ಸಿಕ್ಕರೆ ಪುಣ್ಯ. ಇದು ಮೊದಲ ಕಂತು. ಬೇಸರವಾಗುತ್ತದೆ, ಆದರೆ ಮಿತಿ ಇದೆ.

ಶನಿವಾರ, ಭಾನುವಾರ ಆ ಡಿಸ್ಕಿನ ಮೇಲೆ ಚೆನ್ನಾಗಿ ಕೆಲಸ ಆಯಿತು. ಹೊಸ ಫೈಲುಗಳು ಬಂದವು, ಹಳೆಯವು ಹೋದವು, ಅಪ್‌ಡೇಟ್ ಆಯಿತು. ಭಾನುವಾರ ರಾತ್ರಿ ಸರಿಯಾಗಿ ಶಟ್‌ಡೌನ್ ಕೂಡ ಮಾಡಿದರು. ಸೋಮವಾರ ಕಚೇರಿಯಲ್ಲಿ `kelasa.vdi` ಅನ್ನು ಹಳೆಯದರ ಮೇಲೆ ನಕಲಿಸಿ Start ಒತ್ತಿದರು. ಫೈಲಿನ ಹೆಸರು ಅದೇ, ಒಳಗಿನ ಗುರುತಿನ ಸಂಖ್ಯೆ ಅದೇ. ವರ್ಚುವಲ್‌ಬಾಕ್ಸ್ ಇದನ್ನು ತಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಶುಕ್ರವಾರದ ಮೆಮೊರಿ ಭಾನುವಾರದ ಡಿಸ್ಕಿನ ಮೇಲೆ ಎದ್ದು ಕೂರುತ್ತದೆ.

ಪರದೆ ನೋಡಿದರೆ ಖುಷಿಯೇ ಆಗುತ್ತದೆ. ಕಳೆದುಹೋಗಿದ್ದ ಲೆಕ್ಕದ ಹಾಳೆ ಅಲ್ಲೇ ತೆರೆದುಕೊಂಡಿದೆ! ಆದರೆ ಭಾನುವಾರ ಮಾಡಿದ ಫೈಲುಗಳು ಫೋಲ್ಡರಿನಲ್ಲಿ ಕಾಣುವುದಿಲ್ಲ, ಏಕೆಂದರೆ ಕರ್ನಲ್ ಆ ಫೋಲ್ಡರಿನ ಪಟ್ಟಿಯನ್ನು ತನ್ನ ಶುಕ್ರವಾರದ ನೆನಪಿನಿಂದ ತೋರಿಸುತ್ತಿದೆ. ಖಾಲಿ ಬ್ಲಾಕುಗಳ ಪಟ್ಟಿಯೂ ಶುಕ್ರವಾರದ್ದೇ. ಹಾಳೆಯನ್ನು ಸೇವ್ ಮಾಡಿದರೆ, ಖಾಲಿ ಎಂದು ಅದು ನಂಬಿರುವ ಜಾಗದಲ್ಲಿ ಬರೆಯುತ್ತದೆ. ಅಲ್ಲಿ ಕುಳಿತಿರುವುದು ಭಾನುವಾರದ ವರದಿ. ಮನೆ ಬಾಡಿಗೆಗೆ ಹೋಗಿ ಎರಡು ದಿನವಾದ ಮೇಲೆ ಹಳೆಯ ಬೀಗದ ಕೈ ಹಿಡಿದು ಬಂದು ಸಾಮಾನು ಇಳಿಸಿದ ಹಾಗೆ. ಸ್ವಲ್ಪ ಹೊತ್ತಿಗೆ ಕರ್ನಲ್ ಸಂದೇಶಗಳಲ್ಲಿ `EXT4-fs error` ಕಾಣಿಸಿಕೊಳ್ಳಬಹುದು, ಡಿಸ್ಕ್ ಇದ್ದಕ್ಕಿದ್ದಂತೆ ಓದಲು ಮಾತ್ರ ಎಂಬ ಸ್ಥಿತಿಗೆ ಬೀಳಬಹುದು. ಕಾಣಿಸದೆ ಇರುವುದು ಇನ್ನೂ ಕೆಟ್ಟದ್ದು, ಆಗ ಹಾನಿ ಸದ್ದಿಲ್ಲದೆ ಬೆಳೆಯುತ್ತದೆ.

ಇಲ್ಲಿ ಸಾಮಾನ್ಯ ಬುದ್ಧಿ ಹೇಳುವುದು ತಪ್ಪಾಗುತ್ತದೆ. ಏನೋ ಎಡವಟ್ಟಾಗಿದೆ ಎನಿಸಿದ ಕೂಡಲೇ ಮರ್ಯಾದೆಯಾಗಿ ಶಟ್‌ಡೌನ್ ಮಾಡೋಣ ಎನಿಸುತ್ತದೆ. ಹಾಗೆ ಮಾಡಿದರೆ ಮೆಮೊರಿಯಲ್ಲಿ ಉಳಿದಿರುವ ಶುಕ್ರವಾರದ ಲೆಕ್ಕವನ್ನೆಲ್ಲ ಗೆಸ್ಟ್ ಶ್ರದ್ಧೆಯಿಂದ ಭಾನುವಾರದ ಡಿಸ್ಕಿನ ಮೇಲೆ ಬರೆದು ಮುಗಿಸುತ್ತದೆ. ಈ ಒಂದು ಸಂದರ್ಭದಲ್ಲಿ ಸರಿಯಾದದ್ದು ಪವರ್ ಆಫ್. ತೆರೆದಿರುವ ಹಾಳೆಯ ಆಸೆ ಬಿಡಲಾಗದಿದ್ದರೆ ಅದನ್ನು ಡಿಸ್ಕಿಗೆ ಸೇವ್ ಮಾಡದೆ, ಪರದೆಯ ಚಿತ್ರವನ್ನು ಹೋಸ್ಟ್‌ನಿಂದ ತೆಗೆದಿಟ್ಟುಕೊಳ್ಳಬಹುದು. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಭಾನುವಾರದ ಪ್ರತಿ ಇನ್ನೂ ಇದ್ದರೆ ಅದನ್ನೇ ಮತ್ತೆ ನಕಲಿಸುವುದು. ಇಲ್ಲದಿದ್ದರೆ ಕೆಟ್ಟ `.vdi` ಯ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯ ಮೇಲೆ ಮಾತ್ರ `fsck` ಓಡಿಸುವುದು. `fsck` ಫೈಲ್ ಸಿಸ್ಟಮ್‌ನ ಲೆಕ್ಕ ಸರಿಪಡಿಸುತ್ತದೆ, ಮೇಲೆ ಬರೆದುಹೋದ ವರದಿಯನ್ನು ತಂದುಕೊಡುವುದಿಲ್ಲ.

Start ಒತ್ತುವ ಮೊದಲೇ ಒಮ್ಮೆ ನೋಡಿದ್ದರೆ ಇದ್ಯಾವುದೂ ಬೇಕಿರಲಿಲ್ಲ:

```
VBoxManage showvminfo "kelasa" | grep State
VBoxManage discardstate "kelasa"
```

ಮೊದಲ ಸಾಲಿಗೆ `saved` ಎಂಬ ಉತ್ತರ ಬಂದು, ಡಿಸ್ಕ್ ಫೈಲ್ ಈ ನಡುವೆ ಬದಲಾಗಿದ್ದರೆ, ಎರಡನೆಯ ಸಾಲು ಹಳೆಯ ಮೆಮೊರಿಯನ್ನು ಬಿಸಾಡುತ್ತದೆ. ಮಷೀನ್ ಭಾನುವಾರದ ಡಿಸ್ಕಿನಿಂದ ಹೊಸದಾಗಿ ಬೂಟ್ ಆಗುತ್ತದೆ. ಶುಕ್ರವಾರದ ಹಾಳೆಯೂ ಬೇಕೆಂದರೆ, ಹೊಸ ಪ್ರತಿಯನ್ನು ಮೇಲೆ ನಕಲಿಸುವ ಮೊದಲೇ ಕಚೇರಿಯ ಮಷೀನನ್ನು ಎಬ್ಬಿಸಿ, ಹಾಳೆಯನ್ನು ಹೊರತೆಗೆದು, ಶಟ್‌ಡೌನ್ ಮಾಡಬೇಕಿತ್ತು. ಅಲ್ಲಿಯ ತನಕ ಶುಕ್ರವಾರದ `.vdi` ಮತ್ತು ಶುಕ್ರವಾರದ `.sav` ಒಂದಕ್ಕೊಂದು ಹೊಂದುವ ಜೋಡಿಯಾಗಿಯೇ ಇದ್ದವು.

ಹಾಗಾದರೆ ಇಡೀ ಫೋಲ್ಡರನ್ನೇ ಹೊತ್ತು ತಿರುಗಿದರೆ ಆಯಿತಲ್ಲ ಎನ್ನುವವರಿದ್ದಾರೆ. ಜೋಡಿ ಒಡೆಯುವುದಿಲ್ಲ, ನಿಜ. ಆದರೆ `.sav` ತಾನು ಹುಟ್ಟಿದ ಪ್ರೊಸೆಸರನ್ನು ನೆನಪಿಟ್ಟುಕೊಂಡಿರುತ್ತದೆ. ಇಂಟೆಲ್ ಮೇಲೆ ಮಲಗಿದ್ದು ಎಎಂಡಿ ಮೇಲೆ ಏಳುತ್ತದೆ ಎಂದು ನಿರೀಕ್ಷಿಸುವಂತಿಲ್ಲ. ವರ್ಚುವಲ್‌ಬಾಕ್ಸ್‌ನ ಆವೃತ್ತಿ ಬದಲಾದರೂ ಖಾತ್ರಿಯಿಲ್ಲ. ಇನ್ನೊಂದು ವಿಷಯ ಕಡಿಮೆ ಜನರ ಗಮನಕ್ಕೆ ಬರುತ್ತದೆ. ಗೆಸ್ಟ್‌ನೊಳಗೆ ಡಿಸ್ಕನ್ನು ಗುಪ್ತಲಿಪಿಯಲ್ಲಿ ಇಟ್ಟಿದ್ದರೂ, ಅದನ್ನು ತೆರೆಯುವ ಕೀಲಿ ಮೆಮೊರಿಯಲ್ಲಿರುತ್ತದೆ. ಅಂದರೆ `.sav` ಫೈಲಿನಲ್ಲೂ ಇರುತ್ತದೆ. ಬೀಗ ಹಾಕಿದ ಪೆಟ್ಟಿಗೆಯ ಜೊತೆ ಕೀಲಿಯನ್ನೂ ಅದೇ ಪೆನ್‌ಡ್ರೈವಿನಲ್ಲಿ ಹಾಕಿ ಲೋಕಲ್ ಟ್ರೇನ್ ಹತ್ತಿದಂತೆ.

ಈ ಕಾರಣಕ್ಕೆ ಸ್ಟೇಟ್ ಸೇವ್ ಮಾಡಲೇಬಾರದು ಎನ್ನುವ ಹಳೆಯ ಸಿಸ್ಟಮ್ ಅಡ್ಮಿನ್‌ಗಳ ಮಾತನ್ನು ಒಪ್ಪಬೇಕಿಲ್ಲ. ಹತ್ತು ಟರ್ಮಿನಲ್, ಅರ್ಧ ದಾರಿಯ ಡಿಬಗ್ಗರ್, ತೆರೆದ ಇಪ್ಪತ್ತು ಪುಟಗಳನ್ನು ಬೆಳಿಗ್ಗೆ ಮತ್ತೆ ಜೋಡಿಸಿಕೊಳ್ಳುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ. ಅದೇ ಕಂಪ್ಯೂಟರಿನಲ್ಲಿ, ಡಿಸ್ಕ್ ಫೈಲನ್ನು ಯಾರೂ ಮುಟ್ಟದೆ, ನಾಳೆ ಬೆಳಿಗ್ಗೆವರೆಗೆ ಮಲಗಿಸಲು ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಎದ್ದಾಗ ಎಸ್‌ಎಸ್‌ಎಚ್ ಮತ್ತು ಡೇಟಾಬೇಸ್ ಸಂಪರ್ಕಗಳು ಸತ್ತಿರುತ್ತವೆ, ಏಕೆಂದರೆ ಆ ಕಡೆಯವರು ಕಾದು ಕಾದು ಕೈಬಿಟ್ಟಿರುತ್ತಾರೆ. ಅದು ಸಹಿಸಬಹುದಾದ ತೊಂದರೆ. ತಿಂಗಳುಗಟ್ಟಲೆ ಹಾಗೆಯೇ ಮಲಗಿಸಿ ಎಬ್ಬಿಸುತ್ತಿದ್ದರೆ ಮಾತ್ರ ಗೆಸ್ಟ್ ಎಂದೂ ರೀಬೂಟ್ ಆಗದೆ, ಅಪ್‌ಡೇಟ್ ಆದ ಕರ್ನಲ್ ಡಿಸ್ಕಿನಲ್ಲೇ ಕುಳಿತು, ಹಳೆಯದೇ ಓಡುತ್ತಿರುತ್ತದೆ.

ಇದೇ ಬಲೆ ವರ್ಚುವಲ್ ಅಲ್ಲದ ಲ್ಯಾಪ್‌ಟಾಪಿನಲ್ಲೂ ಇದೆ. ವಿಂಡೋಸ್ ಅನ್ನು ಹೈಬರ್ನೇಟ್ ಮಾಡಿ ಲಿನಕ್ಸಿಗೆ ಬೂಟ್ ಮಾಡಿದವರಿಗೆ ಇದರ ಪರಿಚಯ ಇರುತ್ತದೆ. ಲಿನಕ್ಸ್ ಆ ವಿಂಡೋಸ್ ಭಾಗಕ್ಕೆ ಬರೆಯಲು ಒಪ್ಪುವುದಿಲ್ಲ, ಓದಲು ಮಾತ್ರ ಬಿಡುತ್ತದೆ. ಅನೇಕರು ಆ ತಡೆಯನ್ನು ಕಿರಿಕಿರಿ ಎಂದು ಬೈಯುತ್ತಾರೆ. ನಿಜದಲ್ಲಿ ಆ ಡಿಸ್ಕಿನಲ್ಲಿ ಮಲಗಿರುವವರ ಗುರುತು ಇರುವುದರಿಂದ ಲಿನಕ್ಸಿಗೆ ಅದನ್ನು ಓದಿ ತಡೆಯಲು ಆಗುತ್ತದೆ. ವರ್ಚುವಲ್ ಮಷೀನಿನಲ್ಲಿ ಆ ಗುರುತು `.vdi` ಯೊಳಗೆ ಇಲ್ಲ, ಪಕ್ಕದ ಫೋಲ್ಡರಿನಲ್ಲಿ ಇದೆ. ಫೈಲ್ ಒಂಟಿಯಾಗಿ ಹೊರಟರೆ ಎಚ್ಚರಿಕೆ ಹಿಂದೆಯೇ ಉಳಿಯುತ್ತದೆ.

ಪ್ರತಿ ತೆಗೆಯುವ ಮುನ್ನ, ಬೇರೆ ಕಂಪ್ಯೂಟರಿಗೆ ಒಯ್ಯುವ ಮುನ್ನ, ವರ್ಚುವಲ್‌ಬಾಕ್ಸ್ ಅಪ್‌ಡೇಟ್ ಮಾಡುವ ಮುನ್ನ ಕೊಡಬೇಕಾದ ಆದೇಶ ಈ ಒಂದು ಸಾಲು:

```
VBoxManage controlvm "kelasa" acpipowerbutton
```

ಕೊಟ್ಟ ಕೂಡಲೇ ಮುಗಿಯಿತು ಎಂದುಕೊಳ್ಳುವಂತಿಲ್ಲ. ಇದು ಬಟನ್ ಒತ್ತುತ್ತದೆ ಅಷ್ಟೇ. ನಿಜವಾಗಿ ನಿಲ್ಲಿಸುವುದು ಗೆಸ್ಟ್‌ನ ಕೆಲಸ. ಲಾಗಿನ್ ಪರದೆಯಲ್ಲಿ ಯಾವುದೋ ಪ್ರಶ್ನೆ ಕೇಳುತ್ತಾ ಅದು ಕಾದು ಕುಳಿತಿರಬಹುದು. `showvminfo` ಮತ್ತೆ ಕೇಳಿ `powered off` ಎಂದು ಬಂದಮೇಲೆ, `Snapshots` ಫೋಲ್ಡರಿನಲ್ಲಿ `.sav` ಇಲ್ಲ ಎಂದು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ನಕಲಿಸಲು ಶುರು ಮಾಡಬಹುದು.