ದೂರಿನ ಕಾಗದ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಜೊತೆಯಲ್ಲಿ ದುಡಿಯುವವನ ನಡತೆಯನ್ನು ಕುರಿತು ಕಚೇರಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಕಾಗದ ಬರೆಯಲು ಕುಳಿತವರಿಗೆ ಇದಕ್ಕಿಂತ ಉಪಯುಕ್ತವಾದ ಬುದ್ಧಿವಾದ ಬೇರೊಂದಿಲ್ಲ.

ಬೆಂಗಳೂರಿನ ಒಂದು ಸರಕು ಸಾಗಣೆಯ ಸಂಸ್ಥೆ. ಅದರ ಬಿಲ್ಲು ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದ ಮಹಿಳೆಯೊಬ್ಬರು ತಮ್ಮ ಸರಿಸಮಾನ ಹುದ್ದೆಯ ಸಹೋದ್ಯೋಗಿಯ ಮೇಲೆ ದೂರು ಕೊಡಬೇಕಾಗಿ ಬಂದಿತು. ಹೊಸದಾಗಿ ಸೇರಿದ್ದ, ಇನ್ನೂ ಕಾಯಂ ಆಗದಿದ್ದ ಒಬ್ಬ ಹುಡುಗಿಯನ್ನು ಆತನು ಎಲ್ಲರೆದುರು ಹೀಯಾಳಿಸುತ್ತಿದ್ದನು. ಆಕೆ ಮೊದಲು ಬರೆದ ಕಾಗದ ಹೀಗಿತ್ತು: “ಈತನು ಮಹಾ ದುರಹಂಕಾರಿ. ಯಾವಾಗಲೂ ಎಲ್ಲರನ್ನೂ ಅವಮಾನಿಸುತ್ತಾನೆ. ಬಡವರ ಮನೆಯ ಹುಡುಗಿಯೆಂಬ ತಾತ್ಸಾರವೇ ಇದಕ್ಕೆ ಕಾರಣ.”

ಈ ಮೂರು ವಾಕ್ಯಗಳಲ್ಲಿ ವಿಚಾರಣೆಗೆ ಒದಗುವ ಸಂಗತಿ ಒಂದೂ ಇಲ್ಲ. ಆರೋಪಕ್ಕೆ ಗುರಿಯಾದವನಿಗೆ ಅದನ್ನು ತಿಳಿಸಿ, ಉತ್ತರ ಹೇಳಲು ಅವಕಾಶ ಕೊಡದೆ ಶಿಕ್ಷಿಸಲಾಗದು. ಇದು ಸಹಜ ನ್ಯಾಯ. “ಯಾವಾಗಲೂ” ಎಂಬ ಮಾತಿಗೆ ಆತನು “ಯಾವಾಗ?” ಎಂದು ಕೇಳಿದರೆ ಸಾಕು, ದೂರು ಅಲ್ಲಿಗೇ ನಿಂತುಹೋಗುತ್ತದೆ. ಇನ್ನು ಆತನ ಮನಸ್ಸಿನೊಳಗಿನ ತಾತ್ಸಾರವನ್ನು ಕಂಡವರು ಯಾರು?

ಆಕೆ ಆ ಹಾಳೆಯನ್ನು ಹರಿದು ಮತ್ತೆ ಬರೆದರು. “ಮಾರ್ಚ್ 4ರ ಮಂಗಳವಾರ ಬೆಳಗ್ಗೆ ಸುಮಾರು ಹನ್ನೊಂದು ಗಂಟೆಗೆ, ವಾರದ ಸಭೆಯಲ್ಲಿ, ಆತನು ಬಿಲ್ಲಿನ ಕಡತವನ್ನು ಮೇಜಿನ ಮೇಲೆ ಕುಕ್ಕಿ, ‘ನಿನಗೆ ಕೂಡಿಸಿ ಕಳೆಯುವುದನ್ನು ಯಾರೂ ಕಲಿಸಲಿಲ್ಲವೆ?’ ಎಂದು ಏರುದನಿಯಲ್ಲಿ ಹೇಳಿದನು. ನಾನು ಅಲ್ಲಿದ್ದೆ, ಇನ್ನಿಬ್ಬರು ಇದ್ದರು.” ಮುಂದೆ ಆ ಇಬ್ಬರ ಹೆಸರು. ಎರಡನೆಯ ಘಟನೆಯ ದಿನಾಂಕವನ್ನು ಮಾರ್ಚ್ 11 ಎಂದು ನೆನಪಿನಿಂದ ಬರೆದಿದ್ದರು. ಹಳೆಯ ಸೂಚನಾಪತ್ರವನ್ನು ತೆಗೆದು ನೋಡಿದಾಗ ಆ ವಾರದ ಸಭೆಯು ಬುಧವಾರಕ್ಕೆ ಮುಂದೆ ಹೋಗಿದ್ದುದು ತಿಳಿಯಿತು. ತಿದ್ದಿ 12 ಎಂದು ಬರೆದರು. ಒಂದು ತಾರೀಖು ತಪ್ಪಿದರೆ ಉಳಿದ ನಿಜವೂ ಸಂಶಯಕ್ಕೆ ಈಡಾಗುತ್ತದೆ.

ಮೂರನೆಯ ಘಟನೆಯನ್ನು ಆಕೆ ಕಂಡಿರಲಿಲ್ಲ. ಅದನ್ನು “ಆ ಹುಡುಗಿ ನನಗೆ ಹೇಳಿದ್ದು” ಎಂದು ಬೇರೆಯಾಗಿಯೇ ಬರೆದರು. ಬರೆಯುವ ಮೊದಲು ಹುಡುಗಿಯ ಒಪ್ಪಿಗೆಯನ್ನೂ ಪಡೆದರು. ಕಾಯಂ ಆಗದವಳ ಹೆಸರು ಅವಳಿಗೆ ತಿಳಿಯದೆ ಕಾಗದದಲ್ಲಿ ಸೇರಿದರೆ ಕೆಲಸಕ್ಕೆ ಕುತ್ತು ಬರುವುದು ಅವಳಿಗೇ ಅಲ್ಲವೆ? ಬಳಿಕ ಕೆಲಸದ ಮೇಲಾದ ಪರಿಣಾಮ: ಹೆದರಿದ ಹುಡುಗಿ ಬಿಲ್ಲೊಂದರಲ್ಲಿ ಕಂಡ ತಪ್ಪನ್ನು ಹೇಳದೆ ಸುಮ್ಮನಿದ್ದಳು, ಆ ಬಿಲ್ಲು ಗಿರಾಕಿಯಿಂದ ಹಿಂದಕ್ಕೆ ಬಂದಿತು. ಕಡೆಯಲ್ಲಿ ಕೋರಿಕೆ: ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಶಿಕ್ಷೆ ಏನಿರಬೇಕೆಂದು ಆಕೆ ಬರೆಯಲಿಲ್ಲ.

ವಿಚಾರಣೆಯಲ್ಲಿ ಆತನು ಮೊದಲನೆಯ ಘಟನೆಯನ್ನು ಒಪ್ಪಿ, ಎರಡನೆಯದನ್ನು ಅಲ್ಲಗಳೆದನು. ಹೆಸರಿಸಿದ್ದ ಸಾಕ್ಷಿಗಳು ಎರಡನ್ನೂ ನಿಜವೆಂದರು. ಮೂರನೆಯದು ರುಜುವಾತಾಗಲಿಲ್ಲ, ಆದರೆ ಕೇಳಿದ್ದನ್ನು ಕಂಡದ್ದೆಂದು ಬರೆದಿರಲಿಲ್ಲವಾದ್ದರಿಂದ ಉಳಿದೆರಡಕ್ಕೆ ಧಕ್ಕೆ ತಗಲಲಿಲ್ಲ. “ಕ್ರಮ ಕೈಗೊಳ್ಳಲಾಗಿದೆ” ಎಂಬ ಒಂದೇ ಸಾಲು ಆಕೆಗೆ ಬಂದಿತು. ಕ್ರಮವೇನೆಂದು ತಿಳಿಸುವ ಪದ್ಧತಿ ಅನೇಕ ಕಚೇರಿಗಳಲ್ಲಿಲ್ಲ. ದೂರನ್ನು ಪೂರ್ಣ ಗುಟ್ಟಾಗಿಡುವ ಭರವಸೆಯನ್ನೂ ಆ ವಿಭಾಗ ಕೊಡಲಾರದು. ಉತ್ತರ ಹೇಳಬೇಕಾದವನಿಗೆ ಆರೋಪ ತಿಳಿಯಲೇಬೇಕು.

ದೂರು ಲೈಂಗಿಕ ಕಿರುಕುಳದ್ದಾದರೆ ದಾರಿಯೇ ಬೇರೆ. 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರತಕ್ಕದ್ದು. ನೊಂದ ಮಹಿಳೆಯು ಘಟನೆ ನಡೆದ ಮೂರು ತಿಂಗಳೊಳಗೆ ಆ ಸಮಿತಿಗೆ ಬರವಣಿಗೆಯಲ್ಲಿ ದೂರು ಕೊಡಬೇಕು; ಸಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಅವಧಿಯನ್ನು ವಿಸ್ತರಿಸಬಹುದು. ಬರೆಯಲಾರದವಳಿಗೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯದೇ ಹೊಣೆ.

ಆಕೆ ಕಾಗದವನ್ನು ಸಲ್ಲಿಸಿದಾಗ ಅದು ತಲುಪಿದುದಕ್ಕೆ ತಾರೀಖಿನ ಸಹಿತ ರುಜು ಪಡೆದು, ಪ್ರತಿಯೊಂದನ್ನು ತಮ್ಮಲ್ಲಿ ಇರಿಸಿಕೊಂಡಿದ್ದರು. ದೂರಿನ ಬಳಿಕ ಹುಡುಗಿಯ ಮೇಲಾಗಲಿ ಆಕೆಯ ಮೇಲಾಗಲಿ ಯಾರಾದರೂ ಹಗೆ ಸಾಧಿಸಹೊರಟರೆ, ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಎಂಬುದನ್ನು ಆ ಒಂದು ರುಜುವೇ ತೋರಿಸಬಲ್ಲುದು.