ಕೊಟ್ಟ ದುಡ್ಡು ಕೇಳೋದಕ್ಕೆ ನಾಚಿಕೆ ಯಾಕೆ?

‘ಸ್ನೇಹ ಉಳೀಬೇಕು ಅಂದ್ರೆ ಕೊಟ್ಟ ದುಡ್ಡು ಕೇಳಬಾರದು’ ಅಂತಾರಲ್ಲ, ಸ್ನೇಹ ಕೆಡಿಸೋದೇ ಈ ಮಾತು. ಬಾಯಿಬಿಟ್ಟು ಕೇಳದವರು ಮನಸ್ಸಿನಲ್ಲಿ ಸುಮ್ಮನಿರುತ್ತಾರಾ? ಅವನು ಹೊಸ ಬೈಕ್ ತಗೊಂಡ್ರೆ ಒಳಗೊಳಗೇ ಲೆಕ್ಕ ಹಾಕ್ತಾರೆ. ನಾಲ್ಕು ಜನರ ಮುಂದೆ ನಗುನಗುತ್ತಾ ಚುಚ್ಚುತ್ತಾರೆ. ಅತ್ತ ಅವನು ಫೋನ್ ಎತ್ತೋದನ್ನೇ ಬಿಡ್ತಾನೆ.

ನಮ್ಮೂರಲ್ಲಿ ಕೈಗಡಕ್ಕೆ ಗಡುವು ಇರುತ್ತಿತ್ತು. ‘ರಾಗಿ ಮಾರಿದ ಮೇಲೆ’, ‘ಕಬ್ಬಿನ ದುಡ್ಡು ಬಂದ ಮೇಲೆ’ ಅಂತ ತಗೊಂಡವನೇ ಹೇಳುತ್ತಿದ್ದ. ಸುಗ್ಗಿ ಮುಗಿದ ಮೇಲೆ ಕೇಳಿದರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಮೈಸೂರಿಗೆ ಬಂದು ಸಂಬಳದವರಾದ ನಾವು ‘ಇದ್ದಾಗ ಕೊಡು ಮಗಾ’ ಅಂತೀವಿ. ಅವನಿಗೆ ಆ ‘ಇದ್ದಾಗ’ ಬರೋದೇ ಇಲ್ಲ.

ಕಾನೂನು ಮಾತ್ರ ನಮ್ಮ ಸಂಕೋಚಕ್ಕೆ ಕಾಯಲ್ಲ. 1963ರ ಕಾಲಮಿತಿ ಕಾಯ್ದೆ ಪ್ರಕಾರ, ಗಡುವಿಲ್ಲದ ಕೈಸಾಲಕ್ಕೆ ದಾವೆ ಹೂಡಲು ಇರೋದು 3 ವರ್ಷ. ಅದೂ ನಾವು ಕೇಳಿದ ದಿನದಿಂದಲ್ಲ, ಕೊಟ್ಟ ದಿನದಿಂದ. ಅಷ್ಟರೊಳಗೆ ‘ಇಷ್ಟು ಕೊಡಬೇಕು’ ಅಂತ ಅವನು ಬರೆದು ಸಹಿ ಹಾಕಿದರೆ, ಆ ದಿನದಿಂದ ಮತ್ತೆ 3 ವರ್ಷ. ಗೆಳೆಯನನ್ನು ಕೋರ್ಟಿಗೆ ಎಳೆಯಿರಿ ಅಂತಲ್ಲ. ‘ಇನ್ನೂ ಸ್ವಲ್ಪ ದಿನ ನೋಡೋಣ’ ಅನ್ನೋದಕ್ಕೂ ಒಂದು ಕೊನೆ ಇದೆ ಅಂತ ಗೊತ್ತಿರಲಿ.

ಹಾಸ್ಟೆಲ್ ಗೆಳೆಯನೊಬ್ಬನಿಗೆ ತಂಗಿ ಮದುವೆಗೆ 40,000 ಕೊಟ್ಟಿದ್ದೆ. ಎರಡು ವರ್ಷ ದಾಟಿತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಇಬ್ಬರೇ ನಡೆಯುವಾಗ ಕೇಳಿದೆ: ‘ಮಗಾ, ಮದುವೆಗೆ ಕೊಟ್ಟಿದ್ದ 40 ಸಾವಿರ ಈಗ ನನಗೆ ಬೇಕು ಕಣೋ. ಒಟ್ಟಿಗೆ ಕಷ್ಟ ಆದ್ರೆ ತಿಂಗಳಿಗೆ ಎಷ್ಟಾಗುತ್ತೆ ಹೇಳು.’ ಸುಳ್ಳು ಕಷ್ಟ ಹೇಳಲಿಲ್ಲ, ‘ತಪ್ಪು ತಿಳ್ಕೋಬೇಡ’ ಅನ್ನಲಿಲ್ಲ. ಅವನೇ ‘4 ಸಾವಿರ, 5ನೇ ತಾರೀಖು’ ಅಂದ. ರಾತ್ರಿ ಅದನ್ನೇ ಒಂದು ಸಾಲಿನಲ್ಲಿ ಮೆಸೇಜ್ ಮಾಡಿದೆ. ‘ಸರಿ’ ಅಂದ. ಮೂರನೇ ಕಂತು ಬರಲಿಲ್ಲ. 6ನೇ ತಾರೀಖೇ ಕೇಳಿದೆ: ‘ಈ ತಿಂಗಳದ್ದು ಕೊನೆಗೆ ಸೇರಿಸೋಣ್ವಾ?’ ಹತ್ತು ತಿಂಗಳಿಗೆ ಮುಗಿಯಬೇಕಾದ್ದು ಹನ್ನೊಂದಕ್ಕೆ ಮುಗೀತು. ಫೋನ್ ಎತ್ತೋದನ್ನು ಅವನು ಬಿಡಲಿಲ್ಲ.

ಅವನ ಕೈಲಿ ನಿಜಕ್ಕೂ ಆಗಲ್ಲ ಅಂತ ಗೊತ್ತಾದರೆ? ಆಗ ‘ಬಿಟ್ಟೆ ಕಣೋ’ ಅಂತ ಬಾಯಿಬಿಟ್ಟು ಹೇಳಿ, ಮತ್ತೆ ಎತ್ತಬೇಡಿ. ಕೇಳೋದೂ ಇಲ್ಲ, ಬಿಡೋದೂ ಇಲ್ಲ ಅನ್ನೋದನ್ನು ದೊಡ್ಡತನ ಅಂತ ಮಾತ್ರ ಕರೀಬೇಡಿ. ಅದು ಗೆಳೆಯನ ಮೇಲೆ ಗುಟ್ಟಾಗಿ ಬಡ್ಡಿ ಬೆಳೆಸೋ ಕೆಲಸ.